ಬಾಯಲ್ಲಿ 24 ಹಲ್ಲು: ವಯಸ್ಸು ಏಳೋ, ಹನ್ನೆರಡೋ?

2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಮಗುವಿನ ವಯಸ್ಸಿಗೆ ಮೊದಲ ಆಧಾರ ಶಾಲೆ ಕೊಟ್ಟ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ. ಅವು ಇಲ್ಲದಿದ್ದಾಗಲಷ್ಟೇ ವೈದ್ಯಕೀಯ ಪರೀಕ್ಷೆ. ಆಗ ಹಲ್ಲು ಎಣಿಸಿ ವಯಸ್ಸು ಬರೆದುಬಿಡುವ ಅವಸರ ಬೇಡ.

ಆರು ವರ್ಷದ ಸುಮಾರಿಗೆ 20 ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲುಗಳು ನಾಲ್ಕು ಮೂಡುತ್ತವೆ. ಅವು ಯಾವ ಹಾಲುಹಲ್ಲಿನ ಜಾಗಕ್ಕೂ ಬರುವುದಿಲ್ಲ, ಹಾಗಾಗಿ ಒಟ್ಟು 24 ಆಗುತ್ತದೆ. ಮುಂದೆ ಒಂದು ಬಿದ್ದರೆ ಅದೇ ಜಾಗದಲ್ಲಿ ಇನ್ನೊಂದು. ಎರಡನೇ ದವಡೆಹಲ್ಲು ಬರುವ ಹನ್ನೆರಡರವರೆಗೆ, ನಡುವಿನ ತಾತ್ಕಾಲಿಕ ಕಿಂಡಿಗಳನ್ನು ಬಿಟ್ಟರೆ, ಲೆಕ್ಕ 24ರಲ್ಲೇ ನಿಲ್ಲುತ್ತದೆ. ನೋಡಬೇಕಾದದ್ದು ಅವುಗಳಲ್ಲಿ ಹಾಲುಹಲ್ಲು ಯಾವುದು, ಶಾಶ್ವತ ಯಾವುದು ಎಂಬುದನ್ನು.

ಹಾಲುಹಲ್ಲು ಚಿಕ್ಕದು, ಬಿಳುಪು, ಬುಡದಲ್ಲಿ ಸೊಂಟ ಬಿಗಿದಂತಿರುತ್ತದೆ, ತುದಿ ಸವೆದಿರುತ್ತದೆ. ಶಾಶ್ವತ ಹಲ್ಲಿಗೆ ತುಸು ಹಳದಿ ಛಾಯೆ. ಹೊಸ ಬಾಚಿಹಲ್ಲಿನ ಅಂಚಿನಲ್ಲಿ ಮೂರು ಸಣ್ಣ ಉಬ್ಬು. ಹೆಚ್ಚು ತಪ್ಪಾಗುವುದು ದವಡೆಯಲ್ಲಿ. ಎರಡನೇ ಹಾಲು ದವಡೆಹಲ್ಲಿನ ಆಕಾರ ಮೊದಲ ಶಾಶ್ವತ ದವಡೆಹಲ್ಲಿನಂತೆಯೇ ಇರುತ್ತದೆ. ಮಧ್ಯರೇಖೆಯಿಂದ ಎಣಿಸಿ: ಐದನೆಯದು ಹಾಲಿನದಿರಬಹುದು, ಆರನೆಯದು ಶಾಶ್ವತ. ನಡುವೆ ಹಲ್ಲು ಬಿದ್ದಿದ್ದರೆ ಆ ಖಾಲಿ ಜಾಗವನ್ನೂ ಎಣಿಕೆಗೆ ಸೇರಿಸಬೇಕು.

ಒಬ್ಬ ಹುಡುಗನ ಬಾಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶಾಶ್ವತ ಹಲ್ಲುಗಳೆಂದರೆ ನಾಲ್ಕು ದವಡೆಹಲ್ಲು, ಎಂಟು ಬಾಚಿಹಲ್ಲು, ಕೆಳಗಿನ ಎರಡು ಕೋರೆಹಲ್ಲು, ಮೇಲೆ ಮೊದಲ ಹಾಲು ದವಡೆಹಲ್ಲುಗಳ ಜಾಗದಲ್ಲಿ ಆಗಷ್ಟೇ ಒಸಡು ಸೀಳಿ ಬಂದ ಎರಡು ಮುಂದವಡೆ ಹಲ್ಲು: ಒಟ್ಟು 16. ಮೇಲಿನ ಕೋರೆಗಳು ಮತ್ತು ಎರಡನೇ ದವಡೆಹಲ್ಲುಗಳು, ಕೆಳಗಿನ ಎರಡು ಜೊತೆ ದವಡೆಹಲ್ಲುಗಳು, ಈ ಎಂಟು ಇನ್ನೂ ಹಾಲಿನವು. ಕೆಳಗಿನ ಕೋರೆ ಸಾಮಾನ್ಯವಾಗಿ 9–10ರಲ್ಲಿ, ಮೇಲಿನ ಮೊದಲ ಮುಂದವಡೆ ಹಲ್ಲು 10–11ರಲ್ಲಿ, ಮೇಲಿನ ಕೋರೆ 11–12ರಲ್ಲಿ ಬರುತ್ತವೆ. ಹಾಗಾದರೆ ಹುಡುಗ ಹೆಚ್ಚಾಗಿ 10–11ರವನು. ಆದರೂ ವರದಿಯಲ್ಲಿ 9ರಿಂದ 12ರ ನಡುವೆ ಎಂದು ಬರೆಯುವುದೇ ಪ್ರಾಮಾಣಿಕ, ಏಕೆಂದರೆ ಒಂದೇ ವಯಸ್ಸಿನ ಮಕ್ಕಳಲ್ಲೂ ಒಂದು ವರ್ಷದಷ್ಟು ಹಿಂದುಮುಂದು ಸಹಜ. ಹುಡುಗಿಯರಲ್ಲಿ ಹಲ್ಲು ಕೆಲವು ತಿಂಗಳು ಮುಂಚೆಯೇ ಬರುತ್ತದೆ.

ಎಕ್ಸ್‌ರೇ ಇದ್ದರೆ ಅಂದಾಜು ಗಟ್ಟಿಯಾಗುತ್ತದೆ. ಬಾಯಲ್ಲಿ ಕಾಣಿಸಿಕೊಂಡ ಸುಮಾರು ಮೂರು ವರ್ಷಕ್ಕೆ ಹಲ್ಲಿನ ಬೇರಿನ ತುದಿ ಮುಚ್ಚುತ್ತದೆ. ಈ ಹುಡುಗನ ಮೊದಲ ದವಡೆಹಲ್ಲಿನ ಬೇರು ಮುಚ್ಚಿ, ಮೇಲಿನ ಪಕ್ಕದ ಬಾಚಿಹಲ್ಲಿನದು ಇನ್ನೂ ತೆರೆದಿದ್ದರೆ ಹತ್ತರ ಆಸುಪಾಸು ಎಂಬುದಕ್ಕೆ ಬಲ ಬರುತ್ತದೆ.

ಹುಳುಕು ಹಲ್ಲಿದ್ದ ಬಾಯಲ್ಲಿ ಹೆಚ್ಚು ಎಚ್ಚರ ಬೇಕು. ಹಾಲು ದವಡೆಹಲ್ಲನ್ನು ತೀರಾ ಮುಂಚೆ ಕಿತ್ತಿದ್ದರೆ ಒಸಡು ಗಟ್ಟಿಯಾಗಿ ಅದರ ಕೆಳಗಿನ ಹಲ್ಲು ತಡವಾಗುತ್ತದೆ. ಕೀವಾಗಿ ಮೂಳೆ ಕರಗಿದ್ದರೆ ಅದೇ ಹಲ್ಲು ಬೇಗ ಹೊರಬರುತ್ತದೆ. ಅಂಥ ಹಲ್ಲನ್ನು ಲೆಕ್ಕಕ್ಕೆ ಹಿಡಿಯದೆ ಎದುರು ಬದಿಯ ಜೊತೆ ಹಲ್ಲನ್ನು ನೋಡಿ.

ಹದಿನಾಲ್ಕರ ಹೊತ್ತಿಗೆ 28 ಬಂದ ಮೇಲೆ ಈ ವಿಧಾನ ಬಹುಮಟ್ಟಿಗೆ ಮುಗಿಯಿತು. ಬುದ್ಧಿಹಲ್ಲು 17–21ರ ನಡುವೆ ಬರಬಹುದು, ಕೆಲವರಿಗೆ ಹುಟ್ಟುವುದೇ ಇಲ್ಲ. ಆದ್ದರಿಂದ ಅದು ಕಾಣಲಿಲ್ಲವೆಂದು ಹದಿನೆಂಟರ ಕೆಳಗೆ ಎಂದಾಗಲೀ, ಕಂಡಿತೆಂದು ಹದಿನೆಂಟು ತುಂಬಿದೆ ಎಂದಾಗಲೀ ಬರೆಯಬಾರದು.