ಐದು ‘ಕೆರೆ’ಗಳ ಪ್ಯಾರಾ: ಪುನರುಕ್ತಿ ತೆಗೆಯುವ ಬಗ್ಗೆ ಟಿಪ್ಪಣಿ

ಅಭ್ಯಾಸಕ್ಕೆಂದು ನಾನು ಬರೆದ ಪ್ಯಾರಾ ಇದು:

“ನಮ್ಮೂರಿನ ಕೆರೆ ಹಳೆಯದು. ಕೆರೆಯ ಏರಿ ಮೇಲೆ ರಸ್ತೆ ಇದೆ. ಹೋದ ಮಳೆಗಾಲದಲ್ಲಿ ಕೆರೆಯ ತೂಬು ಒಡೆಯಿತು. ಕೆರೆಯ ನೀರು ತೋಟಕ್ಕೆ ನುಗ್ಗಿತು. ಊರಿನವರು ಮರಳು ಚೀಲ ಇಟ್ಟು ಕೆರೆಯ ನೀರನ್ನು ತಡೆದರು.”

ಐದು ವಾಕ್ಯ, ಐದು ‘ಕೆರೆ’. ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ: ಒಂದು ಕಡೆ ‘ಸರೋವರ’, ಇನ್ನೊಂದು ಕಡೆ ‘ಜಲಾಶಯ’ ಎಂದು ಬದಲಿಸಿದೆ. ಜಲಾಶಯ ಅಂದರೆ ಓದುವವರ ಕಣ್ಣಿಗೆ ಅಣೆಕಟ್ಟು ಬರುತ್ತದೆ, ಸರೋವರ ಅಂದರೆ ತಾವರೆ, ಹಂಸ. ನಮ್ಮೂರಲ್ಲಿ ಇದ್ದಕ್ಕಿದ್ದಂತೆ ಮೂರು ಕೆರೆಗಳಾದವು!

ಪದ ಬದಲಿಸುವುದಕ್ಕಿಂತ ಬಿಡುವುದು ಒಳ್ಳೆಯದು. ಏರಿ, ತೂಬು ಎರಡೂ ಕೆರೆಯವೇ ಅಂಗಗಳು. ಕೆರೆಯ ಮಾತು ಒಮ್ಮೆ ಬಂದ ಮೇಲೆ ‘ಯಾವುದರ ಏರಿ?’ ಎಂದು ಯಾರೂ ಕೇಳುವುದಿಲ್ಲ:

“ನಮ್ಮೂರಿನ ಕೆರೆ ಹಳೆಯದು. ಏರಿಯ ಮೇಲೆ ರಸ್ತೆ ಇದೆ. ಹೋದ ಮಳೆಗಾಲದಲ್ಲಿ ತೂಬು ಒಡೆದು ನೀರು ತೋಟಕ್ಕೆ ನುಗ್ಗಿತು. ಊರಿನವರು ಮರಳು ಚೀಲ ಇಟ್ಟು ತಡೆದರು.”

ಕೊನೆಯ ವಾಕ್ಯದಲ್ಲಿ ‘ನೀರನ್ನು’ ಕೂಡ ಹೋಯಿತು. ತಡೆದದ್ದು ಏನನ್ನು ಎಂಬುದು ಹಿಂದಿನ ವಾಕ್ಯದಲ್ಲೇ ಇದೆ.

‘ಒಡೆದು’ ಎಂದು ಎರಡು ವಾಕ್ಯ ಹೊಲಿದದ್ದನ್ನು ಸ್ವಲ್ಪ ನೋಡಿ. ಸಾಮಾನ್ಯವಾಗಿ ‘ಮಾಡಿ’, ‘ಹೋಗಿ’ ಥರದ ರೂಪ ಬಳಸಿದರೆ ಎರಡೂ ಕ್ರಿಯೆಗೆ ಕರ್ತೃ ಒಬ್ಬನೇ ಇರಬೇಕು. “ನಾನು ಬಾಗಿಲು ತೆಗೆದು ಅವಳು ಒಳಗೆ ಬಂದಳು” ಎಂಬುದು ಕಿವಿಗೆ ಚುಚ್ಚುತ್ತದೆ; ಅಲ್ಲಿ ‘ತೆಗೆದ ಮೇಲೆ’ ಬೇಕು. ಆದರೆ “ಮಳೆ ಬಂದು ಕೆರೆ ತುಂಬಿತು” ಸರಿಯಾಗಿಯೇ ಕೇಳುತ್ತದೆ, ಯಾಕೆಂದರೆ ಮೊದಲನೆಯದರಿಂದಲೇ ಎರಡನೆಯದು ಆಗಿದೆ. ನಮ್ಮ ತೂಬು, ನೀರಿನ ಕಥೆಯೂ ಇದೇ.

ಇನ್ನು ‘ಅದು’. “ಏರಿಯ ಮೇಲೆ ರಸ್ತೆ ಇದೆ. ಅದು ಕುಸಿಯಿತು” ಅಂದರೆ ಕುಸಿದದ್ದು ಏರಿಯೋ ರಸ್ತೆಯೋ? ಎರಡೂ ನಪುಂಸಕ ಲಿಂಗ. ಇಲ್ಲಿ ಹೆಸರನ್ನೇ ಮತ್ತೆ ಬರೆಯಬೇಕು.

ಮನುಷ್ಯರ ವಿಷಯದಲ್ಲಿ ಕ್ರಿಯಾಪದವೇ ಲಿಂಗ ಹೇಳುತ್ತದೆ, ಹಾಗಾಗಿ ‘ಅವನು’, ‘ಅವಳು’ ಧಾರಾಳವಾಗಿ ಬಿಡಬಹುದು ಎಂದುಕೊಂಡಿದ್ದೆ. ಗೌರವದ ರೂಪ ಬಂದರೆ ಆ ಅನುಕೂಲ ಇಲ್ಲ. “ಚಿಕ್ಕಮ್ಮ ತಾತನಿಗೆ ಫೋನ್ ಮಾಡಿದರು. ಅಳುತ್ತಿದ್ದರು.” ಯಾರು ಅತ್ತದ್ದು? ‘-ದರು’ ಇಬ್ಬರಿಗೂ ಒಂದೇ. ಅತ್ತದ್ದು ತಾತನಾದರೆ “ತಾತ ಅಳುತ್ತಿದ್ದರು” ಎಂದೇ ಬರೆಯಿರಿ. ಆ ಪುನರುಕ್ತಿ ಯಾರ ಕಿವಿಗೂ ಬೀಳುವುದಿಲ್ಲ.

ಕೆರೆಯ ಪ್ಯಾರಾಕ್ಕೆ ಆಮೇಲೆ ಒಂದು ವಾಕ್ಯ ಸೇರಿಸಿದೆ: “ಪಕ್ಕದ ಬಾವಿಯೂ ತುಂಬಿತ್ತು.” ಅದರ ಮುಂದೆ “ಈಗ ನೀರು ಇಳಿದಿದೆ” ಎಂದು ಬರೆದರೆ ಬಾವಿಯ ನೀರು ಅನ್ನಿಸುತ್ತದೆ. ಬಿಟ್ಟಿದ್ದ ‘ಕೆರೆಯ’ ಅಲ್ಲಿ ವಾಪಸ್ ಬಂತು.