70 ರೂಪಾಯಿಯ ಮಸಾಲೆ ಪೊಟ್ಟಣಕ್ಕೆ ಅಸಲು ಎಷ್ಟಿರಬಹುದು?

ಹೊಸ ಸಾಮಾನು ಮಾರುಕಟ್ಟೆಗೆ ಬಿಡುವವರು ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಮೆಣಸಿಗೆ ಇಷ್ಟು, ಪ್ಯಾಕಿಂಗಿಗೆ ಇಷ್ಟು, ಸಂಬಳಕ್ಕೆ ಇಷ್ಟು, ಕೆಳಗೆ ಒಟ್ಟು. ಅದರ ಮೇಲೆ ಲಾಭ ಎಷ್ಟಿಡಬೇಕು ಎಂದು ಕೇಳುತ್ತಾರೆ. ನಾನು ಚೀಟಿಯನ್ನು ಪಕ್ಕಕ್ಕಿಟ್ಟು ಮೊದಲು ಕೇಳುವುದು, ಅಂಗಡಿಯಲ್ಲಿ ಇದು ಎಷ್ಟಕ್ಕೆ ಹೋಗುತ್ತದೆ ಅಂತ.

ಬ್ರಹ್ಮಾವರದ ಕಡೆಯ ಒಬ್ಬ ಅಕ್ಕ ಬಂದಿದ್ದರು. ಉಪ್ಪಿನಕಾಯಿ ಮಾಡಿ ಮಾರುವ ಸಣ್ಣ ಘಟಕ ಅವರದ್ದು. ಈಗ ಕುಂದಾಪುರ ಶೈಲಿಯ ಕೋಳಿ ಮಸಾಲೆ ಪುಡಿ ತರಬೇಕು, 100 ಗ್ರಾಂ ಪೊಟ್ಟಣ. ಅವರ ಚೀಟಿಯಲ್ಲಿ ಒಂದು ಪೊಟ್ಟಣಕ್ಕೆ ಅಸಲು 48 ರೂಪಾಯಿ ಬಂದಿತ್ತು. (ಗುರುತು ಸಿಗಬಾರದೆಂದು ಅಂಕಿಗಳನ್ನು ಸ್ವಲ್ಪ ಬದಲಾಯಿಸಿದ್ದೇನೆ, ಲೆಕ್ಕದ ದಾರಿ ಅದೇ.) ಅದರ ಮೇಲೆ ಅವರ ಲಾಭ, ಜಿಎಸ್‌ಟಿ, ವಿತರಕರ ಪಾಲು, ಅಂಗಡಿಯವರ ಪಾಲು ಎಲ್ಲ ಸೇರಿಸುತ್ತಾ ಹೋದರೆ ಪೊಟ್ಟಣದ ಎಂಆರ್‌ಪಿ 81 ರೂಪಾಯಿ ಹತ್ತಿರ ನಿಲ್ಲುತ್ತದೆ. ಉಡುಪಿಯ ಅಂಗಡಿಗಳಲ್ಲಿ ಇದೇ ತೂಕದ ಪುಡಿ 65ರಿಂದ 75ರ ಒಳಗೆ ಸಿಗುತ್ತಿತ್ತು. ಹೆಸರೇ ಕೇಳದ ಹೊಸ ಪೊಟ್ಟಣಕ್ಕೆ 81 ಯಾರು ಕೊಡ್ತಾರೆ? ಹಾಗಾಗಿ 70 ಎಂದು ಮೊದಲೇ ಬರೆದುಕೊಂಡೆವು. ಇನ್ನು ಆ ಅಂಕಿಯನ್ನು ಮುಟ್ಟುವ ಹಾಗಿಲ್ಲ.

ಇದಕ್ಕೆ ಟಾರ್ಗೆಟ್ ಕಾಸ್ಟಿಂಗ್ ಅನ್ನುತ್ತಾರೆ. ಜಪಾನಿನ ಟೊಯೊಟಾ ಕಂಪನಿ 1960ರ ದಶಕದಲ್ಲಿ ಬೆಳೆಸಿದ ಕ್ರಮ ಇದು. ಕಾರಿಗೆ ಇರಲಿ, ಮಸಾಲೆಗೆ ಇರಲಿ, ಕೆಲಸ ಒಂದೇ: ಬೆಲೆಯಿಂದ ಕಳೆಯುತ್ತಾ ಹಿಂದಕ್ಕೆ ಬರುವುದು.

70ರಲ್ಲಿ ಅಂಗಡಿಯವರಿಗೆ ಶೇ. 20 ಹೋದರೆ ಉಳಿಯುವುದು 56. ಅದರಲ್ಲಿ ವಿತರಕರಿಗೆ ಶೇ. 8 ಹೋದರೆ 51 ರೂಪಾಯಿ 52 ಪೈಸೆ. ಇದರೊಳಗೆ ಶೇ. 5ರ ಜಿಎಸ್‌ಟಿ ಸೇರಿಕೊಂಡಿರುತ್ತದೆ, ಅದನ್ನು ತೆಗೆಯಲು 1.05ರಿಂದ ಭಾಗಿಸಬೇಕು. ಸುಮಾರು ಜನ ಇಲ್ಲಿ ಸುಮ್ನೆ ಶೇ. 5 ಕಳೆದುಬಿಡುತ್ತಾರೆ, ಅದು ತಪ್ಪು. ಭಾಗಿಸಿದರೆ 49 ರೂಪಾಯಿ 7 ಪೈಸೆ. ಘಟಕದ ಕೈಗೆ ನಿಜವಾಗಿ ಬರುವುದು ಇಷ್ಟೇ. ಇದರಲ್ಲಿ ಶೇ. 15 ಲಾಭ ಬೇಕು ಎಂದು ಅಕ್ಕ ಹೇಳಿದ್ದರು, ಅಂದರೆ 7 ರೂಪಾಯಿ 36 ಪೈಸೆ. ಅದನ್ನೂ ಕಳೆದರೆ ಸುಮಾರು 41 ರೂಪಾಯಿ 70 ಪೈಸೆ ಉಳಿಯುತ್ತದೆ. ಪೊಟ್ಟಣದ ಅಸಲು ಇದಕ್ಕಿಂತ ಮೇಲೆ ಹೋಗಬಾರದು.

ಚೀಟಿಯಲ್ಲಿ ಇದ್ದದ್ದು 48. ಅಂತರ 6 ರೂಪಾಯಿ 30 ಪೈಸೆ.

ಇಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ, ಅಸಲಿನಲ್ಲಿ ಒಂದು ರೂಪಾಯಿ ಹೆಚ್ಚಾದರೆ ಎಂಆರ್‌ಪಿಯಲ್ಲಿ ಸುಮಾರು 1 ರೂಪಾಯಿ 68 ಪೈಸೆ ಹೆಚ್ಚಾಗುತ್ತದೆ, ಯಾಕೆಂದರೆ ಮಧ್ಯದಲ್ಲಿರುವ ಎಲ್ಲರ ಪಾಲೂ ಶೇಕಡಾ ಲೆಕ್ಕದಲ್ಲಿದೆ.

ಅಂತರ ಗೊತ್ತಾದ ಕೂಡಲೇ ಎಲ್ಲರ ಕೈ ಮೊದಲು ಹೋಗುವುದು ದುಬಾರಿ ಸಾಮಾನಿನ ಮೇಲೆ. ಇಲ್ಲಿ ಅದು ಬ್ಯಾಡಗಿ ಮೆಣಸು. ಪೊಟ್ಟಣಕ್ಕೆ ಬೇಕಾಗುವ 55 ಗ್ರಾಂ ಮೆಣಸಿಗೇ ಕೆಜಿಗೆ 300ರಂತೆ 16 ರೂಪಾಯಿ 50 ಪೈಸೆ ಆಗುತ್ತದೆ. ಅರ್ಧದಷ್ಟು ಬೇರೆ ಖಾರದ ಮೆಣಸು ಹಾಕಿದರೆ ಅಂತರ ಬೇಗ ಮುಚ್ಚುತ್ತದೆ. ಆದರೆ ಬ್ಯಾಡಗಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ. ಅದು ಕೊಡುವ ಕೆಂಪು ಹೋದರೆ ಕೋಳಿ ಗಸಿ ಗಸಿಯಂತೆ ಕಾಣುವುದಿಲ್ಲ. ಗಿರಾಕಿ ದುಡ್ಡು ಕೊಡುವುದೇ ಆ ಬಣ್ಣಕ್ಕೆ ಮತ್ತು ಹುರಿದ ಪರಿಮಳಕ್ಕೆ. ಆದ್ದರಿಂದ ಮೆಣಸನ್ನು ಮುಟ್ಟುವುದು ಬೇಡ ಎಂದು ಮೊದಲೇ ಗೆರೆ ಹಾಕಿದೆವು. ಆಮೇಲೆ ಪ್ರತಿಯೊಂದು ಖರ್ಚಿನ ಎದುರೂ ಒಂದೇ ಪ್ರಶ್ನೆ: ಇದು ಇಲ್ಲದಿದ್ದರೆ ಅಡುಗೆ ಮಾಡುವವರಿಗೆ ಗೊತ್ತಾಗುತ್ತದಾ?

ಮೊದಲು ಸಿಕ್ಕಿದ್ದು ಡಬ್ಬಿ. ಒಳಗೆ 3 ರೂಪಾಯಿ 30 ಪೈಸೆಯ ಪ್ಲಾಸ್ಟಿಕ್ ಚೀಲ, ಹೊರಗೆ 4 ರೂಪಾಯಿ 20 ಪೈಸೆಯ ಬಣ್ಣದ ರಟ್ಟಿನ ಡಬ್ಬಿ. ಅಕ್ಕನಿಗೆ ಡಬ್ಬಿಯ ಮೇಲೆ ಪ್ರೀತಿ.

"ಡಬ್ಬಿ ಇಲ್ಲದಿದ್ರೆ ಅಂಗಡಿಯವರು ಹಿಂದಿನ ಸಾಲಿಗೆ ತಳ್ತಾರೆ ಸರ್" ಎಂದರು.

ಮಾತು ಸರಿಯೇ. ಡಬ್ಬಿ ಮಾಡುತ್ತಿದ್ದ ಕೆಲಸ ನೆಟ್ಟಗೆ ನಿಲ್ಲುವುದು ಮತ್ತು ಎದ್ದು ಕಾಣುವುದು. ಪರಿಮಳ ಹಿಡಿದಿಡುವ ಕೆಲಸ ಒಳಗಿನ ಚೀಲದ್ದು, ಅದು ತೆಳ್ಳಗಿತ್ತು. ನಮ್ಮ ಮಳೆಗಾಲದಲ್ಲಿ ಅಂತಹ ಚೀಲದಲ್ಲಿ ಪುಡಿ ಗಂಟು ಕಟ್ಟುತ್ತದೆ, ಬಣ್ಣವೂ ಮಂಕಾಗುತ್ತದೆ. ಅಂದರೆ ನೋಟಕ್ಕೆ ಜಾಸ್ತಿ ಖರ್ಚು, ಗಿರಾಕಿಗೆ ಬೇಕಾದ ಪರಿಮಳಕ್ಕೆ ಕಡಿಮೆ ಖರ್ಚು. ಡಬ್ಬಿ ಬಿಟ್ಟು, ಒಳಗೆ ಅಲ್ಯೂಮಿನಿಯಂ ಪದರ ಇರುವ, ತಳ ಅಗಲವಾಗಿ ತಾನೇ ನಿಲ್ಲುವ ಪೌಚ್ ತೆಗೆದುಕೊಂಡರೆ ಎರಡೂ ಕೆಲಸ ಒಂದರಲ್ಲೇ ಆಗುತ್ತದೆ, ಬೆಲೆ 4 ರೂಪಾಯಿ 60 ಪೈಸೆ. ಉಳಿತಾಯ 2 ರೂಪಾಯಿ 90 ಪೈಸೆ. ಪೌಚ್ ಅಚ್ಚು ಹಾಕಿಸುವಾಗ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಮಾಡಿಸಬೇಕಾಗುತ್ತದೆ, ಅದರ ದುಡ್ಡು ಬೇರೆ. ಹಾಗಾಗಿ ಬಣ್ಣ ಕಡಿಮೆ ಮಾಡಿ, ಮಸಾಲೆಯ ಹೆಸರಿಗೆ ಜಾಗ ಖಾಲಿ ಬಿಟ್ಟು ಸ್ಟಿಕ್ಕರ್ ಹಾಕುವುದು ಎಂದಾಯಿತು. ಮುಂದೆ ಮೀನಿನ ಮಸಾಲೆ ಬಂದರೂ ಅದೇ ಪೌಚ್ ಸಾಕು.

ಎರಡನೆಯದು ಬೆಳ್ಳುಳ್ಳಿ. ಪುಡಿಗೆ 5 ಗ್ರಾಂ ಒಣ ಬೆಳ್ಳುಳ್ಳಿ ಹಾಕುತ್ತಿದ್ದರು, ಕೆಜಿಗೆ 360ರಂತೆ 1 ರೂಪಾಯಿ 80 ಪೈಸೆ. ಮನೆಯಲ್ಲಿ ಕೋಳಿ ಸಾರು ಮಾಡುವವರು ತೆಂಗಿನಕಾಯಿ ಅರೆಯುವಾಗ ಹಸಿ ಬೆಳ್ಳುಳ್ಳಿ ಹೇಗೂ ಹಾಕುತ್ತಾರೆ. ಮೇಲಾಗಿ ಒಣ ಬೆಳ್ಳುಳ್ಳಿ ತೇವ ಎಳೆಯುತ್ತದೆ, ಪುಡಿ ಗಂಟಾಗಲು ಅದೂ ಒಂದು ಕಾರಣ. ಎರಡು ಬಗೆಯ ಪುಡಿಯಲ್ಲಿ ಸಾರು ಮಾಡಿ, ಯಾವುದು ಯಾವುದೆಂದು ಹೇಳದೆ ಅಕ್ಕಪಕ್ಕದ ಮನೆಯವರಿಗೆ ಬಡಿಸಿದರು. ಬೆಳ್ಳುಳ್ಳಿ ಇಲ್ಲದ ಪುಡಿ ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಆ ಜಾಗಕ್ಕೆ ಕೊತ್ತಂಬರಿ ಸ್ವಲ್ಪ ಜಾಸ್ತಿ ಮಾಡಿದರು, ಪೊಟ್ಟಣಕ್ಕೆ ಬರೆಯುವ ವಿಧಾನದಲ್ಲಿ ಬೆಳ್ಳುಳ್ಳಿ ಎಷ್ಟು ಎಸಳು ಎಂದು ಸೇರಿಸಿದರು. ಉಳಿತಾಯ 1 ರೂಪಾಯಿ 15 ಪೈಸೆ.

ಮೂರನೆಯದು ಮಿಲ್ಲಿನಲ್ಲಿತ್ತು, ಅದನ್ನು ಚೀಟಿ ನೋಡಿ ಹಿಡಿಯಲು ಆಗುವುದಿಲ್ಲ, ತಕ್ಕಡಿ ಹಿಡಿದು ಪಕ್ಕದಲ್ಲೇ ನಿಲ್ಲಬೇಕು. 100 ಗ್ರಾಂ ಪುಡಿಗೆ 118 ಗ್ರಾಂ ಸಾಮಾನು ಹೋಗುತ್ತಿತ್ತು. ಈ 18 ಗ್ರಾಂ ಎಲ್ಲಿ ಹೋಯಿತು ಎಂದು ಹಂತ ಹಂತವಾಗಿ ತೂಗಿಸಿದೆವು. ತೊಟ್ಟು, ಕಸ 5 ಗ್ರಾಂ. ಹುರಿಯುವಾಗ ಆರಿದ ನೀರಿನಂಶ 6 ಗ್ರಾಂ. ಇವೆರಡನ್ನು ಏನೂ ಮಾಡಲಾಗದು, ತೊಟ್ಟು ತೆಗೆದ ಮೆಣಸು ತಂದರೆ ಅದಕ್ಕೆ ತಕ್ಕ ಬೆಲೆ ಕೊಡಲೇಬೇಕು. ಮಿಲ್ಲಿನೊಳಗೆ ಉಳಿದದ್ದು 4 ಗ್ರಾಂ. ಪೊಟ್ಟಣಕ್ಕೆ ಜಾಸ್ತಿ ಬಿದ್ದದ್ದು 3 ಗ್ರಾಂ. ಪ್ರತಿ ಸಲ ಬೀಸಿದಾಗ ಮಿಲ್ಲಿನ ಮೂಲೆ, ಜರಡಿಯಲ್ಲಿ ಕೂರುವ ಪುಡಿ ಹೆಚ್ಚುಕಡಿಮೆ ಒಂದೇ ಅಳತೆ, ನೀವು 15 ಕೆಜಿ ಬೀಸಿ, 30 ಕೆಜಿ ಬೀಸಿ. ಹಾಗಾಗಿ ಸಣ್ಣ ಸಣ್ಣ ಸಲ ಬೀಸುವುದನ್ನು ನಿಲ್ಲಿಸಿ ಒಮ್ಮೆಗೆ ಎರಡರಷ್ಟು ಬೀಸಿದಾಗ 4 ಗ್ರಾಂ ಇದ್ದದ್ದು 2ಕ್ಕೆ ಇಳಿಯಿತು. ತುಂಬಿಸುವವರು ಕಡಿಮೆ ಬೀಳಬಾರದೆಂಬ ಹೆದರಿಕೆಗೆ 103 ಗ್ರಾಂ ಹಾಕುತ್ತಿದ್ದರು. ಹೆದರಿಕೆ ನ್ಯಾಯವೇ, ಬರೆದದ್ದಕ್ಕಿಂತ ಕಡಿಮೆ ತೂಗಿ ಮಾರುವ ಹಾಗಿಲ್ಲ. ಒಳ್ಳೆಯ ತಕ್ಕಡಿ ಕೊಟ್ಟಾಗ 101ಕ್ಕೆ ನಿಂತಿತು. ಎರಡೂ ಸೇರಿ 4 ಗ್ರಾಂ, ದುಡ್ಡಿನಲ್ಲಿ 1 ರೂಪಾಯಿ 7 ಪೈಸೆ.

ಮೂರೂ ಕೂಡಿದರೆ 5 ರೂಪಾಯಿ 12 ಪೈಸೆ. ಇನ್ನೂ 1 ರೂಪಾಯಿ 18 ಪೈಸೆ ಬಾಕಿ.

ಈ ಕೊನೆಯ ಒಂದು ರೂಪಾಯಿ ಇದೆಯಲ್ಲ, ಕೆಲಸ ಕೆಡುವುದು ಇಲ್ಲೇ. ಇಲ್ಲಿಗೆ ಬರುವಾಗ ಎಲ್ಲರಿಗೂ ಸಾಕಾಗಿರುತ್ತದೆ, ಹಬ್ಬದ ಸಮಯಕ್ಕೆ ಮಾಲು ಬಿಡಬೇಕೆಂಬ ಅವಸರ ಬೇರೆ. ಬಾಡಿಗೆ, ಲೈಸೆನ್ಸ್ ಮುಂತಾದ ಸ್ಥಿರ ಖರ್ಚಿನಲ್ಲಿ ಮಸಾಲೆಯ ಪಾಲಿಗೆ ತಿಂಗಳಿಗೆ 10,000 ಇಟ್ಟಿದ್ದೆವು, ತಿಂಗಳಿಗೆ 4,000 ಪೊಟ್ಟಣ ಹೋಗುತ್ತದೆ ಎಂಬ ಅಂದಾಜಿನಲ್ಲಿ ತಲಾ 2 ರೂಪಾಯಿ 50 ಪೈಸೆ. ಅಕ್ಕನ ಮಗ ಲ್ಯಾಪ್‌ಟಾಪಿನಲ್ಲಿ 4,000 ಅಳಿಸಿ 7,500 ಎಂದು ಬರೆದ. ತಲಾ ಖರ್ಚು 1 ರೂಪಾಯಿ 33 ಪೈಸೆಗೆ ಇಳಿದು, ಅಂತರ ಮುಚ್ಚಿಯೇ ಹೋಯಿತು! ಆದರೆ ಒಂದು ಪೈಸೆ ಖರ್ಚೂ ನಿಜವಾಗಿ ಕಡಿಮೆಯಾಗಿಲ್ಲ. ನಿಮ್ಮ ಲೆಕ್ಕದಲ್ಲೂ ಕೊನೆಯ ವಾರ ಮಾರಾಟದ ಅಂದಾಜು ಏಕಾಏಕಿ ಏರಿದ್ದರೆ, ಏರಿದ್ದು ಯಾಕೆಂದು ಅಂಗಡಿಯ ಆರ್ಡರ್ ತೋರಿಸಿ ಹೇಳಲು ಆಗದಿದ್ದರೆ, ಅಂತರ ಇನ್ನೂ ಅಲ್ಲೇ ಇದೆ ಎಂದು ತಿಳಿಯಿರಿ. ಸುಗ್ಗಿಯಲ್ಲಿ ಮೆಣಸು ಅಗ್ಗಕ್ಕೆ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತೇವೆ ಎಂಬ ಉಳಿತಾಯವನ್ನೂ ನಾನು ಸೇರಿಸಲಿಲ್ಲ. ಕೊಂಡರೆ ಒಳ್ಳೆಯದೇ. ಆದರೆ ಅಲ್ಲಿ ಬಾಡಿಗೆ ಇದೆ, ಹಾಕಿದ ದುಡ್ಡಿಗೆ ಬಡ್ಡಿ ಇದೆ, ಮತ್ತು ಮುಂದಿನ ವರ್ಷದ ದರ ನಮ್ಮ ಕೈಯಲ್ಲಿಲ್ಲ.

ಅಂತರ ಮುಚ್ಚದೆ ಮಾಲು ಬಿಡಬಾರದು, ಇದು ಈ ಕ್ರಮದ ಕಟ್ಟುನಿಟ್ಟು. ಅಕ್ಕ ಒಪ್ಪಿದರು, ಚೌತಿಗೆ ಬಿಡುವ ಆಲೋಚನೆ ಕೈಬಿಟ್ಟರು. ದಾರಿ ಸಿಕ್ಕಿದ್ದು ಅವರದ್ದೇ ಉಪ್ಪಿನಕಾಯಿ ಗಾಡಿಯಲ್ಲಿ. ಬ್ರಹ್ಮಾವರ, ಉಡುಪಿ ಸುತ್ತಿನ ಅಂಗಡಿಗಳಿಗೆ ಅದು ಹೇಗೂ ಹೋಗುತ್ತದೆ. ಆ ಅಂಗಡಿಗಳ ಮಾಲಕರನ್ನು ಕೇಳಿ ಬರೆಸಿಕೊಂಡಾಗ ತಿಂಗಳಿಗೆ 1,700 ಪೊಟ್ಟಣಕ್ಕೆ ಮಾತು ಸಿಕ್ಕಿತು. ಅವಕ್ಕೆ ವಿತರಕರ ಪಾಲಿಲ್ಲ, ಜಿಎಸ್‌ಟಿ ತೆಗೆದು 4 ರೂಪಾಯಿ 27 ಪೈಸೆ ಉಳಿಯುತ್ತದೆ. ಗಾಡಿಯ ಹೆಚ್ಚುವರಿ ಖರ್ಚು ಪೊಟ್ಟಣಕ್ಕೆ 1 ರೂಪಾಯಿ 50 ಪೈಸೆ ಹಿಡಿದೆವು. ಉಳಿದ 2 ರೂಪಾಯಿ 77 ಪೈಸೆಯನ್ನು 4,000 ಪೊಟ್ಟಣಗಳಿಗೂ ಹಂಚಿದರೆ ತಲಾ 1 ರೂಪಾಯಿ 18 ಪೈಸೆ. ವಿತರಕರಿಗೆ ಮೊದಲೇ ಹೇಳಿ ಕುಂದಾಪುರ ಮತ್ತು ಮಂಗಳೂರು ಕಡೆಯನ್ನು ಪೂರ್ತಿ ಅವರಿಗೇ ಬಿಟ್ಟುಕೊಟ್ಟರು, ಇಲ್ಲದಿದ್ದರೆ ಜಗಳ ಖಂಡಿತ.

ಲೆಕ್ಕದ ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆಸಿದ್ದೇನೆ. ಈಗ ಪೊಟ್ಟಣಕ್ಕೆ ಹೋಗುವ ಮೆಣಸು ಸುಮಾರು 53 ಗ್ರಾಂ. ಕೆಜಿಗೆ 300 ಇರುವ ದರ 370ಕ್ಕೆ ಏರಿದರೆ 3 ರೂಪಾಯಿ 70 ಪೈಸೆ ಹೋಗುತ್ತದೆ, ಅಂದರೆ ಲಾಭದ ಅರ್ಧ. ಆ ದರ ಕಂಡ ದಿನ ಹೊಸ ಆರ್ಡರ್ ಹಿಡಿಯುವ ಮೊದಲು ಹಾಳೆಯನ್ನು ಮತ್ತೆ ತೆರೆಯಬೇಕು, 70 ಎಂಬ ಬೆಲೆ ಇನ್ನೂ ಸರಿಯಾ ಎಂಬ ಪ್ರಶ್ನೆಯಿಂದಲೇ.