ಬೆಕ್ಕಿನ ಕೂದಲಿನ ಮೀಸೆ ಮತ್ತು ಕೊನೆಯಿಂದ ಹಿಂದಕ್ಕೆ ಬರೆಯುವ ಒಗಟು

ಪರದೆಯ ಮೇಲಿನ ವಸ್ತುಗಳನ್ನು ಕ್ಲಿಕ್ ಮಾಡುತ್ತ ಒಗಟು ಬಿಡಿಸುವ ಪಾಯಿಂಟ್ ಅಂಡ್ ಕ್ಲಿಕ್ ಸಾಹಸ ಗೇಮ್‌ಗಳ ಮಾತು ಬಂದಾಗಲೆಲ್ಲ ಒಂದು ಮೀಸೆಯ ಪ್ರಸ್ತಾಪ ಬಂದೇ ಬರುತ್ತದೆ. 1999ರಲ್ಲಿ ಸಿಯೆರಾ ಕಂಪನಿ ತಂದ 'ಗೇಬ್ರಿಯಲ್ ನೈಟ್ 3'ರ ಕಥೆ ನಡೆಯುವುದು ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ. ನಾಯಕ ಗೇಬ್ರಿಯಲ್‌ಗೆ ಬಾಡಿಗೆಗೆ ಒಂದು ಬೈಕ್ ಬೇಕು, ಆದರೆ ಅದನ್ನು ಅವನ ಗೆಳೆಯ ಮೋಸ್ಲಿ ಆಗಲೇ ಕಾದಿರಿಸಿದ್ದಾನೆ. ಹಾಗಾಗಿ ಆಡುವವರು ಮೋಸ್ಲಿಯ ವೇಷ ಹಾಕಬೇಕು. ಅದಕ್ಕಾಗಿ ಅವನ ಪಾಸ್‌ಪೋರ್ಟನ್ನೂ ಕೋಟನ್ನೂ ಲಪಟಾಯಿಸಬೇಕು. ಆಮೇಲೆ ಶೆಡ್ಡಿನ ಬಾಗಿಲಿನ ತೂತಿಗೆ ಟೇಪ್ ಅಂಟಿಸಿ, ಬೆಕ್ಕಿಗೆ ನೀರು ಚಿಮುಕಿಸಿ, ಅದು ಹೆದರಿ ತೂತಿನಲ್ಲಿ ನುಸುಳಿ ಓಡುವಂತೆ ಮಾಡಬೇಕು. ಟೇಪಿಗೆ ಹತ್ತಿದ ಕೂದಲನ್ನು ಮೇಪಲ್ ಸಿರಪ್ಪಿನಿಂದ ತುಟಿಯ ಮೇಲೆ ಅಂಟಿಸಿದರೆ ಮೀಸೆ ಸಿದ್ಧ. ಇಷ್ಟೆಲ್ಲ ಆದಮೇಲೂ ಒಂದು ತೊಡಕು ಉಳಿಯುತ್ತದೆ. ಮೋಸ್ಲಿಗೆ ಮೀಸೆಯೇ ಇಲ್ಲ! ಅದಕ್ಕೆ ಮಾರ್ಕರ್ ಪೆನ್ನಿನಿಂದ ಅವನ ಪಾಸ್‌ಪೋರ್ಟಿನ ಫೋಟೋಗೂ ಮೀಸೆ ಬರೆಯಬೇಕು.

2000ದಲ್ಲಿ ಎರಿಕ್ ವೋಲ್ಪಾ ಎಂಬ ವಿಮರ್ಶಕ ಈ ಒಗಟನ್ನು ಎಳೆಎಳೆಯಾಗಿ ಬಿಡಿಸಿಟ್ಟು, ಸಾಹಸ ಗೇಮ್‌ಗಳ ಸಾವಿಗೆ ಇಂಥವೇ ಕಾರಣ ಎಂದು ಬರೆದ. ಅಂದಿನಿಂದ ಒಂದು ತಪ್ಪು ತಿಳಿವಳಿಕೆ ಬೇರುಬಿಟ್ಟಿದೆ: ಒಗಟಿನ ಉತ್ತರ ವಿಚಿತ್ರವಾಗಿದ್ದರೆ ಅದು ತರ್ಕಹೀನ, ನಿಜ ಜೀವನದಲ್ಲಿ ನಡೆಯುವಂತಿದ್ದರೆ ತರ್ಕಬದ್ಧ. ಇದು ಸರಿಯಲ್ಲ. 1993ರ 'ಡೇ ಆಫ್ ದ ಟೆಂಟಕಲ್' ನೋಡಿ. ಆ ಗೇಮಿನ ಪಾತ್ರಗಳು ಬೇರೆಬೇರೆ ಕಾಲದಲ್ಲಿ ಸಿಲುಕಿರುತ್ತವೆ. ಅಲ್ಲಿ ಇಲಿಯಂಥ ಒಂದು ಹ್ಯಾಮ್‌ಸ್ಟರನ್ನು ಇಂದಿನ ಫ್ರೀಜರಿನಲ್ಲಿಟ್ಟರೆ 200 ವರ್ಷಗಳ ನಂತರ ಇನ್ನೊಂದು ಪಾತ್ರ ಅದನ್ನು ಹೊರತೆಗೆದು ಮೈಕ್ರೋವೇವಿನಲ್ಲಿ ಕರಗಿಸುತ್ತದೆ. ನಡುಗುತ್ತಿರುವ ಅದಕ್ಕೆ ತೊಡಿಸಲು ಪುಟ್ಟ ಸ್ವೆಟರ್ ಬೇಕು. ದೊಡ್ಡ ಸ್ವೆಟರನ್ನು ಇಂದು, ನಾಣ್ಯ ಹಾಕಿದರೆ ಓಡುವ ಬಟ್ಟೆ ಒಣಗಿಸುವ ಡ್ರೈಯರಿಗೆ ಹಾಕಿ, ರಾಶಿ ನಾಣ್ಯ ತುಂಬಿ 200 ವರ್ಷ ತಿರುಗಲು ಬಿಟ್ಟರೆ ಅದು ಹ್ಯಾಮ್‌ಸ್ಟರಿನ ಅಳತೆಗೆ ಕುಗ್ಗುತ್ತದೆ. ಮೀಸೆಗಿಂತ ಇದು ಎಷ್ಟೋ ಪಾಲು ಅಸಂಬದ್ಧ, ಆದರೂ ಆಡಿದವರು ಇದನ್ನು ಪ್ರೀತಿಯಿಂದ ನೆನೆಯುತ್ತಾರೆ. ಏಕೆಂದರೆ ಪ್ರತಿ ಹಂತದಲ್ಲೂ ಕೊರತೆ ಕಣ್ಣೆದುರಿಗಿದೆ. ಹ್ಯಾಮ್‌ಸ್ಟರ್ ನಡುಗುತ್ತಿದೆ ಅಂದರೆ ಬೆಚ್ಚಗಾಗಬೇಕು. ಸ್ವೆಟರ್ ದೊಡ್ಡದು ಅಂದರೆ ಕುಗ್ಗಬೇಕು. ಉಣ್ಣೆ ಡ್ರೈಯರಿನಲ್ಲಿ ಕುಗ್ಗುತ್ತದೆ ಎನ್ನುವುದು ಆ ಯಂತ್ರ ಬಳಸಿದವರಿಗೆ ಗೊತ್ತು. ಇಂದು ಬಿಟ್ಟ ವಸ್ತು ಮುಂದಿನ ಕಾಲದಲ್ಲಿ ಸಿಗುತ್ತದೆ ಎನ್ನುವುದು ಆ ಗೇಮಿನ ಮೂಲ ನಿಯಮ.

ಮೀಸೆಯ ಒಗಟಿನಲ್ಲಿ ಈ ಸರಪಳಿಯೇ ಇಲ್ಲ. ಮೀಸೆ ಬೇಕು ಎಂದು ಅನ್ನಿಸುವಂಥದ್ದು ಏನೂ ಕಣ್ಣಿಗೆ ಬೀಳುವುದಿಲ್ಲ. ಬೆಕ್ಕು, ತೂತು, ಟೇಪ್ ಮೂರೂ ಕಾಣುತ್ತವೆ, ಆದರೆ ಅವು ಯಾವ ಪ್ರಶ್ನೆಗೆ ಉತ್ತರ ಎಂಬುದು ಕಾಣುವುದಿಲ್ಲ. ಒಗಟು ಹೇಳುವ ಅಜ್ಜಿ ಮೊದಲು ಪ್ರಶ್ನೆ ಹೇಳುತ್ತಾಳೆ, ಆಮೇಲೆ ಉತ್ತರಕ್ಕೆ ಕಾಯುತ್ತಾಳೆ. ಇಲ್ಲಿ ಉತ್ತರವನ್ನು ಕೈಗಿತ್ತು ಪ್ರಶ್ನೆಯನ್ನು ಬಚ್ಚಿಡಲಾಗಿದೆ. 'ಮಂಕಿ ಐಲ್ಯಾಂಡ್' ಎಂಬ ಸಾಹಸ ಗೇಮ್ ರೂಪಿಸಿದ ರಾನ್ ಗಿಲ್ಬರ್ಟ್ 1989ರಷ್ಟು ಹಿಂದೆಯೇ ಈ ದೋಷವನ್ನು ಗುರುತಿಸಿ, ಆಡುವವರು ಸಮಸ್ಯೆಯನ್ನು ಮೊದಲು ಕಾಣಬೇಕು, ಪರಿಹಾರದ ವಸ್ತುವನ್ನು ಆಮೇಲೆ ಎಂದು ಬರೆದಿದ್ದರು. ಕಂದಕ ಕಂಡ ಮೇಲೆ ಹಗ್ಗ ಸಿಕ್ಕರೆ ಹಗ್ಗಕ್ಕೆ ಅರ್ಥವಿದೆ. ಮೊದಲೇ ಸಿಕ್ಕ ಹಗ್ಗ, ನಾಯಕ ಸಿಕ್ಕ ವಸ್ತುಗಳನ್ನೆಲ್ಲ ತುಂಬಿಕೊಳ್ಳುವ ಜೋಳಿಗೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಈ ಕ್ರಮವನ್ನು ಕಾಪಾಡಿಕೊಳ್ಳಲು ಗಿಲ್ಬರ್ಟ್ ಬಳಸುವ ಸಾಧನ ಅವಲಂಬನೆಯ ನಕ್ಷೆ. ಕಾಗದದ ತುದಿಯಲ್ಲಿ ಗುರಿಯನ್ನು ಬರೆದು, 'ಇದಕ್ಕೂ ಮೊದಲು ಏನಾಗಿರಬೇಕು?' ಎಂದು ಕೇಳುತ್ತ ಹಿಂದಕ್ಕೆ ಸರಿಯಬೇಕು. ಪ್ರತಿ ಚೌಕದಲ್ಲಿ ಒಂದು ಕ್ರಿಯೆ ಇರುತ್ತದೆ, ಬಾಣ ಅದರ ಪೂರ್ವಾಪೇಕ್ಷೆಯನ್ನು ತೋರಿಸುತ್ತದೆ. ಹೊಸಬರು ಮಾಡುವ ತಪ್ಪೆಂದರೆ ಮುಂದಕ್ಕೆ ಬರೆಯುವುದು: 'ಇಲ್ಲೊಂದು ಬೆಕ್ಕಿದೆ, ಇದರಿಂದ ಏನು ಮಾಡಿಸೋಣ?' ವಿನ್ಯಾಸಕ ಬೆಕ್ಕಿನಿಂದ ಬೈಕಿನ ಕಡೆಗೆ ನಡೆದರೂ ಆಡುವವರು ಬೈಕಿನಿಂದ ಬೆಕ್ಕಿನ ಕಡೆಗೇ ಯೋಚಿಸಬೇಕು. ಆ ದಾರಿಯಲ್ಲಿ ಒಂದು ಸುಳಿವೂ ಇಲ್ಲದಿದ್ದರೆ ಒಗಟು ಸತ್ತಂತೆ.

ಮೀಸೆಯನ್ನೇ ಇಟ್ಟುಕೊಂಡು ಇದನ್ನು ರಿಪೇರಿ ಮಾಡಬಹುದು. ಗುರಿ ಬೈಕ್. ತಡೆ ಏನು? ಅಂಗಡಿಯವನು ಮೋಸ್ಲಿಯ ಪಾಸ್‌ಪೋರ್ಟ್ ಕೇಳುತ್ತಾನೆ. ಇಲ್ಲಿ ಒಂದೇ ಬದಲಾವಣೆ ಸಾಕು: ಪಾಸ್‌ಪೋರ್ಟಿನ ಹಳೆಯ ಫೋಟೋದಲ್ಲಿ ಮೋಸ್ಲಿಗೆ ಮೀಸೆ ಇರಲಿ. ಪಾಸ್‌ಪೋರ್ಟ್ ಕದ್ದು ನೋಡಿದ ಕೂಡಲೇ ಏನು ಕೊರತೆ ಎಂದು ಗೊತ್ತಾಗುತ್ತದೆ, ಮಾರ್ಕರಿನ ಕೆಲಸವೂ ತಪ್ಪುತ್ತದೆ. ಇನ್ನು ಮೀಸೆಗೆ ಎರಡು ಅಗತ್ಯ, ಕೂದಲು ಮತ್ತು ಅಂಟು. ಕೂದಲಿಗಾಗಿ ತೂತಿನ ಪ್ರಹಸನ ಬೇಡ. ಬೆಕ್ಕು ಸದಾ ಮಲಗುವ ದಿಂಬಿನ ಮೇಲೆ ಕೂದಲು ಕಾಣುವಂತೆ ಚಿತ್ರಿಸಿ, ನಾಯಕ ಅದರ ಮೇಲೆ ಕುಳಿತು ಪ್ಯಾಂಟ್ ಕೊಡವಿಕೊಳ್ಳಲಿ. ಟೇಪನ್ನು ದಿಂಬಿಗೆ ಒತ್ತಿ ಕೀಳಬೇಕು ಎಂದು ಆಗ ಯಾರಿಗಾದರೂ ಹೊಳೆಯುತ್ತದೆ.

ಅಂಟಿನ ವಿಷಯದಲ್ಲಿ ಮೂಲ ಒಗಟಿನ ಇನ್ನೊಂದು ದೋಷ ಕಾಣುತ್ತದೆ. ಕೂದಲು ಈಗಾಗಲೇ ಟೇಪಿನ ಮೇಲಿದೆ, ಟೇಪ್ ಸ್ವತಃ ಅಂಟುವ ವಸ್ತು. ಆದರೂ ಸಿರಪ್ ಬೇಕೆಂದು ಹಟ ಹಿಡಿದರೆ, ಒಂದು ಹಂತದಲ್ಲಿ ಟೇಪ್ ಅಂಟುತ್ತದೆ, ಮುಂದಿನ ಹಂತದಲ್ಲಿ ಅಂಟುವುದಿಲ್ಲ ಎಂದಂತಾಯಿತು. ಒಂದು ವಸ್ತುವಿಗೆ ಒಮ್ಮೆ ಒಂದು ಗುಣ ಕೊಟ್ಟರೆ ಅದು ಗೇಮಿನ ಕೊನೆವರೆಗೂ ಇರಬೇಕು. ಚಾಕು ಒಂದು ಹಗ್ಗ ಕತ್ತರಿಸಿದರೆ ಎಲ್ಲ ಹಗ್ಗವನ್ನೂ ಕತ್ತರಿಸಬೇಕು, ಇಲ್ಲವೇ ಇನ್ನೊಂದನ್ನು ತಂತಿಯಾಗಿ ಚಿತ್ರಿಸಿ ಕಾರಣವನ್ನು ಕಣ್ಣಿಗೆ ತೋರಿಸಬೇಕು. ಸಿರಪ್ ಇರಲೇಬೇಕು ಎಂದಾದರೆ, ಟೇಪನ್ನು ತುಟಿಗೆ ಹಚ್ಚಿದಾಗ ನಾಯಕ ಕನ್ನಡಿ ನೋಡಿ 'ಟೇಪಿನ ಅಂಚು ಎದ್ದು ಕಾಣುತ್ತಿದೆ, ಕೂದಲು ಮಾತ್ರ ಅಂಟಬೇಕು' ಎನ್ನಲಿ. ಆ ಒಂದು ಸಾಲು ಸಿರಪ್ಪಿಗೆ ಜಾಗ ಮಾಡಿಕೊಡುತ್ತದೆ.

ಆಡುವವರ ತಪ್ಪು ಪ್ರಯತ್ನಕ್ಕೆ ಗೇಮ್ ಕೊಡುವ ಇಂಥ ಮಾರುತ್ತರಗಳನ್ನು ಬರೆಯುವುದೇ ಕೆಲಸದ ದೊಡ್ಡ ಭಾಗ, ಜನ ಅಲಕ್ಷಿಸುವುದೂ ಇದನ್ನೇ. ಜೋಳಿಗೆಯಲ್ಲಿ 12 ವಸ್ತು ಇದ್ದರೆ ಒಂದನ್ನೊಂದು ಜೋಡಿಸುವ ಬಗೆಗಳು 66. ಕ್ಲಿಕ್ ಮಾಡಬಹುದಾದ 80 ಜಾಗಗಳಿದ್ದರೆ, ಪ್ರತಿ ವಸ್ತುವನ್ನೂ ಪ್ರತಿ ಜಾಗದಲ್ಲಿ ಬಳಸುವ ಬಗೆಗಳು ಇನ್ನೂ 960. ಇವುಗಳಲ್ಲಿ ಸರಿಯಾದವು ಬೆರಳೆಣಿಕೆಯಷ್ಟು. ಉಳಿದೆಲ್ಲಕ್ಕೂ 'ಇದು ಆಗುವುದಿಲ್ಲ' ಎಂಬ ಒಂದೇ ಮಾತು ಬಂದರೆ, ಸರಿಯ ಹತ್ತಿರ ಬಂದವರಿಗೂ ದಾರಿ ತಪ್ಪಿದವರಿಗೂ ಸಿಗುವ ಸೂಚನೆ ಒಂದೇ. ಆಗ ಅವರು ಯೋಚಿಸುವುದನ್ನು ಬಿಟ್ಟು ಎಲ್ಲವನ್ನೂ ಎಲ್ಲದಕ್ಕೂ ಉಜ್ಜಿ ನೋಡಲು ಶುರುಮಾಡುತ್ತಾರೆ. ಸಾವಿರಕ್ಕೂ ಪ್ರತ್ಯೇಕ ಸಾಲು ಬರೆಯುವುದು ಅಸಾಧ್ಯ, ಅಗತ್ಯವೂ ಇಲ್ಲ. ಟೇಪನ್ನು ನೇರವಾಗಿ ಬೆಕ್ಕಿಗೆ ಅಂಟಿಸುವುದು, ನಾಯಕನ ತಲೆಕೂದಲನ್ನೇ ಕತ್ತರಿಸುವುದು, ಇಂಥ ಬುದ್ಧಿವಂತ ತಪ್ಪುಗಳಿಗೆ ಮಾತ್ರ ಬರೆಯಬೇಕು. ಬೆಕ್ಕು ಪರಚಿ ಓಡಿ ದಿಂಬಿನ ಮೇಲೆ ಹೋಗಿ ಕುಳಿತರೆ ಆ ತಪ್ಪೇ ಸುಳಿವಾಗುತ್ತದೆ. ಕೆಲಸ ಮುಗಿದ ವಸ್ತುವನ್ನು ಜೋಳಿಗೆಯಿಂದ ತೆಗೆದುಬಿಟ್ಟರೆ ಲೆಕ್ಕವೂ ಇಳಿಯುತ್ತದೆ.

ಯಾವ ತಪ್ಪುಗಳು ಬುದ್ಧಿವಂತವಾದವು ಎಂಬುದು ಮೇಜಿನ ಮುಂದೆ ಕುಳಿತು ಊಹಿಸಿದರೆ ಗೊತ್ತಾಗುವುದಿಲ್ಲ. ಗೇಮನ್ನು ಎಂದೂ ನೋಡದವರನ್ನು ಕೂರಿಸಿ, ಪ್ರತಿ ಕ್ಲಿಕ್ಕಿಗೂ ಮುನ್ನ ತಾವು ಏನು ಮಾಡಲು ಹೊರಟಿದ್ದೇವೆ ಎಂದು ಬಾಯಿಬಿಟ್ಟು ಹೇಳುವಂತೆ ಕೇಳಬೇಕು. ವಿನ್ಯಾಸಕ ಪಕ್ಕದಲ್ಲಿ ಕುಳಿತು ತುಟಿ ಬಿಚ್ಚದೆ ಬರೆದುಕೊಳ್ಳಬೇಕು. 'ಮೀಸೆಗೆ ಕೂದಲು ಬೇಕು, ಎಲ್ಲಿ ಸಿಗುತ್ತದೋ' ಎಂದರೆ ಪ್ರಶ್ನೆ ತಲುಪಿದೆ, ವಸ್ತುವಿನ ಸುಳಿವು ಸಾಲದು. 'ಈ ಟೇಪ್ ಯಾವುದಕ್ಕೋ, ನೋಡೋಣ' ಎಂದರೆ ಪ್ರಶ್ನೆಯೇ ತಲುಪಿಲ್ಲ. ಇಲ್ಲಿ ಟೇಪನ್ನು ಎದ್ದು ಕಾಣುವಂತೆ ಮಾಡಿ ಪ್ರಯೋಜನವಿಲ್ಲ, ಪಾಸ್‌ಪೋರ್ಟಿನ ದೃಶ್ಯವನ್ನು ತಿದ್ದಬೇಕು. ಮೂವರು ಬೇರೆಬೇರೆಯಾಗಿ ಒಂದೇ ತಪ್ಪು ಉತ್ತರಕ್ಕೆ ಬಂದರೆ, ಅದನ್ನೂ ಸರಿಯುತ್ತರವಾಗಿ ಒಪ್ಪಿಕೊಳ್ಳುವುದು ಒಳ್ಳೆಯದು. ತಿದ್ದಿದ ಮೇಲೆ ಅದೇ ಮೂವರನ್ನು ಮತ್ತೆ ಕೂರಿಸುವಂತಿಲ್ಲ. ಉತ್ತರ ತಿಳಿದವರಿಗೆ ಎಲ್ಲ ಒಗಟೂ ತರ್ಕಬದ್ಧವಾಗಿಯೇ ಕಾಣುತ್ತದೆ, ಹಾಗಾಗಿ ಪ್ರತಿ ಸುತ್ತಿಗೂ ಹೊಸಬರು ಬೇಕು.